ಗಂಟೆ ಲೆಕ್ಕಕ್ಕೆ ಮೂರು ದಾರಿ: ಶೀಟ್, ಟಾಗಲ್, ಜೋಹೊ

ಮೊದಲೇ ಹೇಳಿಬಿಡುತ್ತೇನೆ, ದುಡಿದ ಗಂಟೆಗಳ ಲೆಕ್ಕವಿಟ್ಟು ಬಿಲ್ ಮಾಡುವುದಕ್ಕೆ ನನ್ನ ಓಟು ಗೂಗಲ್ ಶೀಟ್‌ಗೆ. ಟಾಗಲ್ ಟ್ರ್ಯಾಕ್‌ನ ಟೈಮರ್ ಚೆಂದ, ಜೋಹೊ ಇನ್‌ವಾಯ್ಸ್‌ನ ಬಿಲ್ ಇನ್ನೂ ಚೆಂದ. ಆದರೆ ನಾಲ್ಕೈದು ಕ್ಲೈಂಟ್‌ಗಳಿಗೆ ಬೇರೆ ಬೇರೆ ದರದಲ್ಲಿ ಕೆಲಸ ಮಾಡುವ ಒಂಟಿ ಫ್ರೀಲಾನ್ಸರ್‌ಗೆ ತೊಡಕಾಗುವುದು ಟೈಮರ್ ಒತ್ತುವುದಲ್ಲ, ದರ ಬದಲಾಗುವ ದಿನ. ನಾನು ಈ ಮೂರನ್ನೂ ತೂಗುವುದು ಆ ಒಂದು ದಿನದ ಮೇಲೆಯೇ.

ಒಂದು ಲೆಕ್ಕ ನೋಡಿ. ಒಬ್ಬ ಕ್ಲೈಂಟ್‌ಗೆ ವಿನ್ಯಾಸದ ದರ ಗಂಟೆಗೆ ₹1,200. ಅಕ್ಟೋಬರ್ 16ರಿಂದ ₹1,400 ಎಂದು ಒಪ್ಪಂದವಾಗಿದೆ. ತಿಂಗಳ ಮೊದಲರ್ಧದಲ್ಲಿ 18 ಗಂಟೆ 30 ನಿಮಿಷ, ಉಳಿದರ್ಧದಲ್ಲಿ 14 ಗಂಟೆ 15 ನಿಮಿಷ ಕೆಲಸ ಆಗಿದೆ. ಬರಬೇಕಾದ್ದು 22,200 ಮತ್ತು 19,950, ಒಟ್ಟು ₹42,150. ದರಪಟ್ಟಿಯಲ್ಲಿ 1,200 ಅಳಿಸಿ 1,400 ಬರೆದು, ಶೀಟ್‌ನಲ್ಲಿ ಆ ಪಟ್ಟಿಯಿಂದ ದರ ಎತ್ತಿ ತರುವ VLOOKUP ಸೂತ್ರವೊಂದನ್ನೇ ಇಟ್ಟಿದ್ದರೆ 32.75 ಗಂಟೆಗೂ ಹೊಸ ದರವೇ ಬೀಳುತ್ತದೆ: ₹45,850. ಕ್ಲೈಂಟ್‌ಗೆ ₹3,700 ಹೆಚ್ಚು ಬಿಲ್ ಹೋಯಿತು. ಇದಕ್ಕಿಂತ ಕೆಟ್ಟದ್ದು ಹಿಂದಿನ ತಿಂಗಳ ಹಾಳೆಯಲ್ಲಿ ಆಗುತ್ತದೆ. ಸೆಪ್ಟೆಂಬರ್‌ನ 40 ಗಂಟೆಗೆ ಕಳಿಸಿದ ಬಿಲ್ ₹48,000, ಶೀಟ್ ಈಗ ತೋರಿಸುವುದು ₹56,000. ಹಣವೂ ಬಂದು ಮುಗಿದ ಮೇಲೆ ಯಾರೂ ಆ ಹಾಳೆ ತೆರೆಯುವುದಿಲ್ಲ. ವರ್ಷದ ಕೊನೆಗೆ ಆಡಿಟರ್ ಮುಂದೆ ಕೂತಾಗ ಬಿಲ್‌ಗೂ ಹಾಳೆಗೂ ತಾಳೆಯಾಗದೆ ತಡಕಾಡಬೇಕಾಗುತ್ತದೆ.

ಹಾಗಾದರೆ ಶೀಟ್‌ಗೆ ಓಟು ಯಾಕೆ? ಈ ತೊಡಕನ್ನು ಅಲ್ಲೇ, ದುಡ್ಡಿಲ್ಲದೆ ಬಿಡಿಸಿಕೊಳ್ಳಬಹುದು ಅನ್ನುವುದಕ್ಕೆ. ಹಳೆಯ ದರ ಅಳಿಸಬೇಡಿ. ‘Rates’ ಎಂಬ ಹಾಳೆಯಲ್ಲಿ ನಾಲ್ಕು ಕಾಲಂ ಇಡಿ: ಕ್ಲೈಂಟ್, ಕೆಲಸದ ಬಗೆ, ಯಾವ ದಿನದಿಂದ, ದರ. ದರ ಬದಲಾದರೆ ಕೆಳಗೆ ಹೊಸ ಸಾಲು. ದಿನಚರಿ ಹಾಳೆಯಲ್ಲಿ A ದಿನಾಂಕ, B ಕ್ಲೈಂಟ್, C ಕೆಲಸ, D ಶುರು, E ಮುಗಿದದ್ದು, F ನಿಮಿಷ, G ದರ, H ಮೊತ್ತ. ಎರಡನೇ ಸಾಲಿನ F, G, H ಗೆ ಕ್ರಮವಾಗಿ ಈ ಸೂತ್ರಗಳು:

```
=ROUND(MOD(E2-D2,1)*1440,0)
=SUMIFS(Rates!D:D,Rates!A:A,B2,Rates!B:B,C2,Rates!C:C,MAXIFS(Rates!C:C,Rates!A:A,B2,Rates!B:B,C2,Rates!C:C,"<="&A2))
=F2/60*G2
```

ಎರಡನೆಯದು ಉದ್ದ ಕಂಡರೂ ಮಾಡುವುದು ಸರಳ ಕೆಲಸ: ಆ ಕ್ಲೈಂಟ್, ಆ ಕೆಲಸಕ್ಕೆ ಆ ದಿನದವರೆಗೆ ಜಾರಿಯಲ್ಲಿದ್ದ ಕೊನೆಯ ದರ ಹುಡುಕಿ ತರುತ್ತದೆ. ಇದು ಕೈಕೊಡುವುದು ಎರಡು ಕಡೆ. ಕ್ಲೈಂಟ್ ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಸೇರಿದರೂ ದರ 0 ಬರುತ್ತದೆ. ಹೆಸರನ್ನು ಟೈಪ್ ಮಾಡದೆ ಡ್ರಾಪ್‌ಡೌನ್‌ನಿಂದ ಆರಿಸಿ, G ಕಾಲಂನಲ್ಲಿ 0 ಬಂದರೆ ಕೆಂಪಾಗುವಂತೆ ಮಾಡಿಡಿ. ಒಂದೇ ದಿನಾಂಕದ ಸಾಲು ಎರಡು ಸಲ ಸೇರಿಬಿಟ್ಟರೆ ಎರಡೂ ದರ ಕೂಡಿಕೊಂಡು 2,800 ಆಗುತ್ತದೆ. ಅದು ಕಣ್ಣಿಗೆ ಹೊಡೆಯುವ ತಪ್ಪಾದ್ದರಿಂದ ನನಗೆ ಅಷ್ಟು ಭಯವಿಲ್ಲ.

ನಿಮಿಷದ ಕಾಲಂ ಯಾಕೆಂದೂ ಹೇಳಬೇಕು. ಶೀಟ್ ಒಳಗೊಳಗೆ ಒಂದು ದಿನವನ್ನು 1 ಎಂದು ಎಣಿಸುತ್ತದೆ. 32:45 ಎಂಬ ಅವಧಿಯನ್ನು ನೇರ 1,400ರಿಂದ ಗುಣಿಸಿದರೆ ಸಿಗುವುದು ₹1,910 ಮಾತ್ರ, 24ರಿಂದ ಗುಣಿಸುವುದು ಮರೆತಿರುತ್ತದೆ. ಕೂಡಿದ ಮೊತ್ತದ ಕೋಶ ಮಾಮೂಲಿ ಗಡಿಯಾರದ ರೂಪದಲ್ಲಿದ್ದರೆ 32:45 ಹೋಗಿ 8:45 ಎಂದು ಕಾಣುತ್ತದೆ, ಒಂದು ದಿನವೇ ಮಾಯ. ರಾತ್ರಿ 11ಕ್ಕೆ ಕೂತು 1ಕ್ಕೆ ಎದ್ದರೆ ಉತ್ತರ ಋಣ ಸಂಖ್ಯೆ. ಮೇಲಿನ ಸೂತ್ರದ MOD ಮಧ್ಯರಾತ್ರಿಯನ್ನು ದಾಟಿಸುತ್ತದೆ, 1440 ಮತ್ತು ROUND ಸೇರಿ ಎಲ್ಲವನ್ನೂ ಇಡೀ ನಿಮಿಷಕ್ಕೆ ಇಳಿಸುತ್ತವೆ. ಆಮೇಲೆ ಎಷ್ಟೇ ಕೂಡಿದರೂ ಚಿಲ್ಲರೆ ಸೋರುವುದಿಲ್ಲ.

ಬಿಲ್ ಹೋದ ಕೂಡಲೇ ಆ ತಿಂಗಳ G ಕಾಲಂ ನಕಲಿಸಿ, ಅಲ್ಲೇ Ctrl+Shift+V ಒತ್ತಿ ಬರೀ ಬೆಲೆಯಾಗಿ ಅಂಟಿಸಿ, ಪಕ್ಕದಲ್ಲಿ ಬಿಲ್ ಸಂಖ್ಯೆ ಬರೆಯಿರಿ. ಸೂತ್ರ ಹೋಗಿ ಅಂಕಿ ಉಳಿದ ಮೇಲೆ ದರಪಟ್ಟಿಯಲ್ಲಿ ಏನು ಮಾಡಿದರೂ ಹಳೆಯ ತಿಂಗಳು ಅಲುಗುವುದಿಲ್ಲ. ಸಂಖ್ಯೆ ಇಲ್ಲದ ಸಾಲೆಂದರೆ ಇನ್ನೂ ಬಿಲ್ ಆಗದ ಕೆಲಸ, ಅಷ್ಟೇ.

ಟಾಗಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಕ್ಕೆ ಹತ್ತು ಸಲ ಕ್ಲೈಂಟ್ ಬದಲಿಸುವವರಿಗೆ ಅದರ ಒಂದೊತ್ತಿನ ಟೈಮರ್‌ನಷ್ಟು ಸುಖ ಬೇರಿಲ್ಲ; ಎದ್ದು ಕಾಫಿಗೆ ಹೋದರೆ ಕಂಪ್ಯೂಟರ್‌ನಲ್ಲಿರುವ ಆ್ಯಪ್ ಗಮನಿಸಿ, ಆ ಹೊತ್ತನ್ನು ಲೆಕ್ಕಕ್ಕೆ ಇಡಲೋ ಬಿಡಲೋ ಎಂದು ಕೇಳುತ್ತದೆ. ಆದರೆ ಗಂಟೆಯ ದರ ಹಾಕುವ ಸೌಲಭ್ಯ ಉಚಿತ ಯೋಜನೆಯಲ್ಲಿಲ್ಲ. ಪ್ರತಿ ತಿಂಗಳು ದುಡ್ಡು ಕಟ್ಟುವ ಮನಸ್ಸಿದ್ದರೆ ಸರಿ. ನಾನಂತೂ ಉಚಿತ ಟೈಮರ್ ಓಡಿಸಿ, ತಿಂಗಳ ಕೊನೆಗೆ ವಿವರವಾದ ವರದಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿ ಶೀಟ್‌ಗೆ ಸುರಿಯುತ್ತೇನೆ.

ಜೋಹೊ ಇನ್‌ವಾಯ್ಸ್ ಉಚಿತ, ಜಿಎಸ್‌ಟಿ ಗೊತ್ತಿರುವ ಸಾಫ್ಟ್‌ವೇರ್. ಪ್ರಾಜೆಕ್ಟ್ ತೆರೆದು ಗಂಟೆ ಬರೆದರೆ ಬಿಲ್ ಆಗದ ಗಂಟೆಗಳನ್ನು ತಾನೇ ಬಿಲ್‌ಗೆ ಎಳೆದುಕೊಳ್ಳುತ್ತದೆ. ಒಂದೇ ಕೆಲಸಕ್ಕೆ ಎರಡು ಸಲ ಬಿಲ್ ಹೋಗುವ ಮುಜುಗರ ತಪ್ಪುತ್ತದೆ. ಅಲ್ಲಿ ದರ ಅಂಟಿಕೊಳ್ಳುವುದು ಪ್ರಾಜೆಕ್ಟ್‌ಗೆ, ಟಾಸ್ಕ್‌ಗೆ ಅಥವಾ ಕೆಲಸ ಮಾಡಿದವರಿಗೆ. ಒಂದೇ ಕ್ಲೈಂಟ್‌ಗೆ ವಿನ್ಯಾಸಕ್ಕೊಂದು, ಮೀಟಿಂಗ್‌ಗೊಂದು ದರವಿದ್ದರೆ ಟಾಸ್ಕ್ ಆಧಾರವನ್ನೇ ಆರಿಸಿ. ತಿಂಗಳ ನಡುವೆ ದರ ಏರಿದರೆ ಹಳೆಯ ಟಾಸ್ಕ್ ತಿದ್ದಲು ಹೋಗಬೇಡಿ, ‘ವಿನ್ಯಾಸ, ಅ. 16ರಿಂದ’ ಎಂಬ ಹೊಸ ಟಾಸ್ಕ್ ಮಾಡಿ ಮುಂದಿನ ಗಂಟೆಗಳನ್ನು ಅದರಡಿ ಬರೆಯಿರಿ. ನಡೆಯುತ್ತದೆ. ಆದರೆ ಐದು ಕ್ಲೈಂಟ್‌ಗೆ ವರ್ಷಕ್ಕೊಂದು ಸಲ ಹೀಗೆ ಮಾಡಿದರೆ ಟಾಸ್ಕ್ ಪಟ್ಟಿ ಸಂತೆಯಾಗುತ್ತದೆ.

ಅದಕ್ಕೇ ನಾನು ಜೋಹೊವನ್ನು ಬಿಲ್ ಬರೆಯಲು ಮಾತ್ರ ಇಟ್ಟುಕೊಂಡಿದ್ದೇನೆ. ಮೇಲಿನ ಲೆಕ್ಕ ಅಲ್ಲಿ ಎರಡು ಸಾಲು: 18.50 ಗಂಟೆ 1,200ರಂತೆ, 14.25 ಗಂಟೆ 1,400ರಂತೆ. ಒಂದೇ ಸಾಲಿಗೆ ಸರಾಸರಿ ದರ ಹಾಕಿದರೆ ಕ್ಲೈಂಟ್ ಕಡೆಯ ಅಕೌಂಟ್ಸ್‌ನವರು ಕೇಳದೆ ಬಿಡುವುದಿಲ್ಲ. ನೋಂದಣಿಯಿದ್ದು ಕ್ಲೈಂಟ್ ಕೂಡ ಕರ್ನಾಟಕದವರೇ ಆದರೆ 18% ಜಿಎಸ್‌ಟಿ ₹7,587, ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಎಂದು ಸಮಪಾಲಾಗಿ. ಹೊರರಾಜ್ಯದವರಾದರೆ ಅಷ್ಟೂ ಐಜಿಎಸ್‌ಟಿ. ಬಿಲ್ ಸಂಖ್ಯೆ 16 ಅಕ್ಷರ ಮೀರಬಾರದು ಎಂಬ ನಿಯಮವಿದೆ, ಕ್ಲೈಂಟ್ ಹೆಸರು, ವರ್ಷ, ತಿಂಗಳು ಎಲ್ಲ ತುಂಬಿಸುವ ಚಟವಿದ್ದವರು ಎಣಿಸಿಕೊಳ್ಳಿ.

15 ನಿಮಿಷಕ್ಕೆ ಏರಿಸುವ ಪದ್ಧತಿಯ ಬಗ್ಗೆ ಒಂದು ಮಾತು. ಪ್ರತಿ ಸಾಲಿಗೂ ಏರಿಸಿದರೆ ಐದೈದು ನಿಮಿಷದ ಏಳು ಫೋನ್ ಕರೆ, ಅಂದರೆ 35 ನಿಮಿಷ, 105 ಆಗಿ ಕೂರುತ್ತದೆ. ದಿನದ ಒಟ್ಟಿಗೆ ಒಂದೇ ಸಲ ಏರಿಸಿದರೆ 45. ಒಪ್ಪಂದದಲ್ಲಿ ಯಾವುದೆಂದು ಬರೆದಿಲ್ಲದಿದ್ದರೆ ನಾನು 45 ಹಾಕುತ್ತೇನೆ.

ಕ್ಲೈಂಟ್‌ಗೆ ಒಂದೇ ದರ, ಅದೂ ವರ್ಷಗಟ್ಟಲೆ ಬದಲಾಗದ್ದು ಎನ್ನುವವರು ಶೀಟ್‌ನ ಗೋಜಿಗೆ ಹೋಗದೆ ಎಲ್ಲವನ್ನೂ ಜೋಹೊದಲ್ಲೇ ಮುಗಿಸಬಹುದು. ಸೂತ್ರ ಕಂಡರೆ ತಲೆನೋವು, ತಿಂಗಳ ಚಂದಾ ಭಾರವಲ್ಲ ಎನ್ನುವವರಿಗೆ ಹಣ ಕೊಟ್ಟ ಟಾಗಲ್. ನನ್ನದು ದರಗಳೂ ಹೆಚ್ಚು, ಜಿಪುಣತನವೂ ಹೆಚ್ಚು. ಹಾಗಾಗಿ ಶೀಟ್.