ಬಟ್ಟೆ ಬದಲಾದರೂ ಮುಖ ಅದೇ ಇರಬೇಕು: ಫೇಸ್‌ಐಡಿ ಜೊತೆ ಹತ್ತು ತಿಂಗಳು

ನಾನು ವಸ್ತ್ರವಿನ್ಯಾಸ ಕಲಿಯುತ್ತಿದ್ದೇನೆ. ಎಐ ಬರೆಯುವ ಚಿತ್ರಗಳಲ್ಲಿ ಒಂದೇ ಹುಡುಗಿಗೆ ನಲವತ್ತು ಉಡುಪು ತೊಡಿಸಿ, ಯಾವುದು ಅವಳಿಗೆ ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ ಎಂದು ಪಕ್ಕಪಕ್ಕದಲ್ಲಿಟ್ಟು ನೋಡುವುದು ನನ್ನ ಅಭ್ಯಾಸ. ಚಿತ್ರದಿಂದ ಚಿತ್ರಕ್ಕೆ ಮುಖ ಬದಲಾದರೆ ಈ ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ. ಚೆನ್ನಾಗಿ ಕಂಡದ್ದು ಉಡುಪೋ ಹೊಸ ಮುಖವೋ ಎಂದು ಹೇಳಲಾಗದು. ಅದಕ್ಕಾಗಿ ಹತ್ತು ತಿಂಗಳಿಂದ ಕಂಫಿಯುಐ ಎಂಬ ತಂತ್ರಾಂಶದಲ್ಲಿ, ಚಿತ್ರ ಬರೆಯುವ ಎಸ್‌ಡಿಎಕ್ಸ್‌ಎಲ್ ಮಾಡೆಲ್ ಜೊತೆ, ಫೋಟೋದಲ್ಲಿನ ಮುಖವನ್ನು ಹೊಸ ಚಿತ್ರಕ್ಕೆ ತರುವ ಐಪಿ-ಅಡಾಪ್ಟರ್ ಫೇಸ್‌ಐಡಿ ಪ್ಲಸ್ ವಿ2 ಬಳಸುತ್ತಿದ್ದೇನೆ. ಮುಖ ನನ್ನ ಗೆಳತಿಯದು. ಯಾವ ಫೋಟೋ, ಯಾವ ಕೆಲಸಕ್ಕೆ ಎಂದು ಬರೆದು ತೋರಿಸಿ ಅವಳ ಒಪ್ಪಿಗೆ ಪಡೆದಿದ್ದೇನೆ. ಫೇಸ್‌ಐಡಿಯ ಪರವಾನಗಿ ಸಂಶೋಧನೆಗೆ ಮಾತ್ರ, ವ್ಯಾಪಾರಕ್ಕೆ ಅಲ್ಲ. ಮಾರಾಟದ ಕ್ಯಾಟಲಾಗ್ ಮಾಡುವ ಯೋಚನೆ ಇದ್ದವರು ಇದನ್ನು ಮೊದಲೇ ತಿಳಿದಿರಬೇಕು.

ಫೇಸ್‌ಐಡಿ ಮುಖವನ್ನು ಎರಡು ದಾರಿಯಲ್ಲಿ ಓದುತ್ತದೆ. ಇನ್‌ಸೈಟ್‌ಫೇಸ್‌ನ ಮುಖ ಗುರುತಿಸುವ ಮಾಡೆಲ್ ಫೋಟೋವನ್ನು 512 ಸಂಖ್ಯೆಗಳ ಒಂದು ಸಾಲಾಗಿ ಮಾಡಿ 'ಇದು ಯಾರು' ಎಂಬುದನ್ನು ಹಿಡಿಯುತ್ತದೆ. ಕ್ಲಿಪ್ ಎಂಬ ಇನ್ನೊಂದು ಮಾಡೆಲ್ ಮುಖದ ಆಕಾರವನ್ನು ಚಿತ್ರವಾಗಿಯೇ ನೋಡುತ್ತದೆ. ಮೊದಲನೆಯದಕ್ಕೆ ಬೆಳಕು, ನಗು ಅಷ್ಟಾಗಿ ಲೆಕ್ಕಕ್ಕಿಲ್ಲ. ಎರಡನೆಯದು ಕಂಡದ್ದನ್ನೆಲ್ಲ ಹೊತ್ತು ತರುತ್ತದೆ. ನನ್ನ ಮೊದಲ ಫೋಟೋ ಕಿಟಕಿಯ ಪಕ್ಕದಲ್ಲಿ ತೆಗೆದದ್ದು, ಎಡಗೆನ್ನೆ ಪೂರ್ತಿ ನೆರಳಿನಲ್ಲಿತ್ತು. ನಡುಮಧ್ಯಾಹ್ನದ ಬಯಲಿನಲ್ಲಿ ನಿಲ್ಲಿಸಿದ ಚಿತ್ರದಲ್ಲೂ ಆ ನೆರಳು ಕಾಣಿಸಿಕೊಂಡಿತು. ಈಗ ಸಮನಾದ ಬೆಳಕಿನಲ್ಲಿ, ಒಂದೇ ದಿನ ತೆಗೆದ ನಾಲ್ಕು ಫೋಟೋ ಕೊಡುತ್ತೇನೆ: ಒಂದು ನೇರ, ಎರಡು ಅತ್ತಿತ್ತ ತುಸು ತಿರುಗಿದ್ದು, ಒಂದು ಸಣ್ಣ ನಗುವಿನದು. ಫೋನಿನ ಬ್ಯೂಟಿ ಫಿಲ್ಟರ್ ಬೇಡವೇ ಬೇಡ. ನಾಲ್ಕೂ ಫೋಟೋಗಳನ್ನು ಹೇಗೆ ಬೆರೆಸಬೇಕೆಂದು ಹೇಳುವ `combine_embeds` ಅನ್ನು `average`ಗೆ ಇಟ್ಟರೆ ಯಾವುದೋ ಒಂದು ಫೋಟೋದ ಗುಣವೇ ಮೇಲುಗೈ ಆಗುವುದು ಕಡಿಮೆಯಾಗುತ್ತದೆ. ಮುಖವನ್ನು ತೀರಾ ಒತ್ತಿ ಕತ್ತರಿಸಿದರೆ ಮುಖವೇ ಸಿಗಲಿಲ್ಲ ಎಂದು ಕೆಲಸ ನಿಲ್ಲುತ್ತದೆ. ತಲೆಯ ಸುತ್ತ ಒಂದಿಷ್ಟು ಜಾಗ ಬಿಟ್ಟರೆ ಸರಿಹೋಗುತ್ತದೆ.

ಕೂದಲಿನ ಮಾತು ಬೇರೆ. ಆ ಸಂಖ್ಯೆಗಳ ಸಾಲಿಗೆ ಹೋಗುವುದು ಕಣ್ಣು, ಮೂಗು, ಬಾಯಿ, ಗಲ್ಲ ಇರುವ ಚಿಕ್ಕ ಚೌಕ ಮಾತ್ರ. ಕೂದಲು, ಹಣೆಯ ಮೇಲಿನ ಅಂಚು ಬಹುಪಾಲು ಹೊರಗೆ ಉಳಿಯುತ್ತವೆ. ಹಾಗಾಗಿ ಕೂದಲಿನ ಉದ್ದ, ಬಣ್ಣ, ಬೈತಲೆ ಯಾವ ಕಡೆ ಎಂಬುದನ್ನು ಪ್ರತಿ ಪ್ರಾಂಪ್ಟ್‌ನಲ್ಲೂ ಅಕ್ಷರ ಬದಲಿಸದೆ ಬರೆಯಬೇಕು.

ನನಗೆ ಹೆಚ್ಚು ದಿನ ಹಿಡಿದದ್ದು ಇನ್ನೊಂದು ವಿಷಯ: ಬಟ್ಟೆಯೇ ಮುಖವನ್ನು ಎಳೆಯುತ್ತದೆ. ಪ್ರಾಂಪ್ಟ್‌ನಲ್ಲಿ 'ಬಿಸಿನೆಸ್ ಸೂಟ್' ಎಂದು ಬರೆದರೆ ಗೆಳತಿಗೆ ಹತ್ತು ವರ್ಷ ಹೆಚ್ಚಾಗುತ್ತದೆ, ದವಡೆ ಚೂಪಾಗುತ್ತದೆ. 'ಪಾರ್ಟಿ ಗೌನ್' ಎಂದರೆ ಕಣ್ಣಿಗೆ ಗಾಢ ಮೇಕಪ್ ಬಂದು ತುಟಿ ಉಬ್ಬುತ್ತದೆ. ಮಾಡೆಲ್ ಕಲಿತ ಚಿತ್ರಗಳಲ್ಲಿ ಆ ಹೆಸರಿನ ಬಟ್ಟೆ ತೊಟ್ಟವರು ಹೆಚ್ಚಾಗಿ ಹಾಗೆಯೇ ಇದ್ದಿರಬೇಕು. ಪದದ ಜೊತೆ ಅವರ ಮುಖವೂ ಬರುತ್ತದೆ. ಮೊದಮೊದಲು ಫೇಸ್‌ಐಡಿಯ ಪ್ರಭಾವ ಎಷ್ಟಿರಬೇಕೆಂದು ಹೇಳುವ `weight` ಏರಿಸಿ ಇದನ್ನು ಸರಿಪಡಿಸಲು ನೋಡಿದೆ. 1ರ ಮೇಲೆ ಹೋದಂತೆ ಹೋಲಿಕೆಯೇನೋ ಹೆಚ್ಚಿತು. ಆದರೆ ತಲೆ ಆಧಾರದ ಫೋಟೋದ ಭಂಗಿಯಲ್ಲೇ ಸೆಟೆದು ನಿಂತಿತು, ಕಸೂತಿ, ನೆರಿಗೆಯಂಥ ಬಟ್ಟೆಯ ಸೂಕ್ಷ್ಮಗಳು ಕರಗಿಹೋದವು. ನನಗೆ ಬೇಕಿದ್ದದ್ದು ಅವೇ. ಈಗ `weight` 0.75 ದಾಟಿಸುವುದಿಲ್ಲ, ಫೇಸ್‌ಐಡಿ ಜೊತೆಗೆ ಬರುವ ಲೋರಾ ಎಂಬ ಪೂರಕ ಫೈಲ್ 0.6ರಲ್ಲಿ ಇರುತ್ತದೆ. ಬದಲಿಗೆ ಪ್ರಾಂಪ್ಟ್ ತಿದ್ದುತ್ತೇನೆ. ಸಂದರ್ಭದ ಹೆಸರು ಬಿಟ್ಟು, ದರ್ಜಿಗೆ ಹೇಳುವ ಹಾಗೆ ಬಟ್ಟೆ, ಕತ್ತರಿಸಿದ ರೀತಿ, ಗುಂಡಿಗಳನ್ನು ಹೇಳುತ್ತೇನೆ: ಕಪ್ಪು ಉಣ್ಣೆ ಬಟ್ಟೆ, ಒಂದೇ ಗುಂಡಿ, ಅಗಲ ಕಾಲರ್, ಸೊಂಟದ ಕೆಳಗೆ ನಾಲ್ಕು ಬೆರಳು ಉದ್ದದ ಕೋಟು. ಜೊತೆಗೆ ವಯಸ್ಸು ಮತ್ತು 'ಮೇಕಪ್ ಇಲ್ಲದ ಮುಖ' ಎಂಬ ಮಾತು. ಇಷ್ಟಕ್ಕೇ ಗೆಳತಿ ಮರಳಿ ಬಂದಳು.

ಇನ್ನು ನಿಲುಚಿತ್ರ. ಹಳದಿ ಮಳೆಕೋಟು, ತಲೆಗೆ ಟೋಪಿ, ಮೊಣಕಾಲುದ್ದದ ಬೂಟು, ಅಡಿಯಿಂದ ಮುಡಿಯವರೆಗೆ ಕಾಣಬೇಕು. ಚಿತ್ರದ ಅಳತೆ 832×1216. ಇಷ್ಟರಲ್ಲಿ ಇಡೀ ಮೈ ಹಿಡಿಸಿದಾಗ ಮುಖಕ್ಕೆ ಉಳಿದದ್ದು ಸುಮಾರು 90 ಪಿಕ್ಸೆಲ್ ಅಗಲ. ಎಸ್‌ಡಿಎಕ್ಸ್‌ಎಲ್ ಚಿತ್ರವನ್ನು ಎಂಟು ಪಟ್ಟು ಕುಗ್ಗಿಸಿದ ರೂಪದಲ್ಲಿ ಕೆಲಸ ಮಾಡುವುದರಿಂದ ಆ ಮುಖಕ್ಕೆ ಅಡ್ಡಲಾಗಿ ಹನ್ನೊಂದು ಚುಕ್ಕೆ ಅಷ್ಟೇ. ಹನ್ನೊಂದು ಚುಕ್ಕೆಗಳಲ್ಲಿ ಯಾರ ಮುಖವನ್ನೂ ಬರೆಯಲಾಗದು. `weight` ಎಷ್ಟಿದ್ದರೂ ಅಷ್ಟೇ. ಆದ್ದರಿಂದ ಮುಖವನ್ನು ಎರಡನೇ ಸುತ್ತಿನಲ್ಲಿ ಬರೆಸಬೇಕು. ತಲೆ, ಕುತ್ತಿಗೆ ಸೇರಿ 260 ಪಿಕ್ಸೆಲ್‌ನ ಚೌಕ ಕತ್ತರಿಸಿ, 1024ಕ್ಕೆ ಹಿಗ್ಗಿಸಿ, ಮುಖದ ಮೇಲೆ ಮಾತ್ರ ಅಂಚು ಮಸುಕಾದ ಮಾಸ್ಕ್ ಇಟ್ಟು, ಫೇಸ್‌ಐಡಿ ಜೊತೆಗೇ ಮತ್ತೆ ಬರೆಸಿ, ಕುಗ್ಗಿಸಿ ಸ್ವಸ್ಥಾನದಲ್ಲಿ ಕೂರಿಸುತ್ತೇನೆ. ಇದನ್ನೆಲ್ಲ ತಾನೇ ಮಾಡುವ ಫೇಸ್‌ಡೀಟೇಲರ್ ಎಂಬ ನೋಡ್ ಕೂಡ ಇದೆ.

ಮಳೆಕೋಟಿನಲ್ಲಿ ನಾನು ಎರಡು ಸಲ ಎಡವಿದೆ. ಮೊದಲ ಸಲ, ಇದ್ದ ಚಿತ್ರವನ್ನು ಎಷ್ಟು ಬದಲಿಸಬೇಕೆಂದು ಹೇಳುವ `denoise` 0.6 ಇತ್ತು. ಮುಖ ಗೆಳತಿಯದೇ ಬಂತು, ಆದರೆ ಗಲ್ಲದ ಕೆಳಗೆ ಬಣ್ಣದ ಗೆರೆ ಎದ್ದಿತು, ಬೇರೆ ಬೆಳಕಿನ ಮುಖವನ್ನು ಅಂಟಿಸಿದ ಹಾಗೆ. 0.4ಕ್ಕೆ ಇಳಿಸಿದ ಮೇಲೆ ಗೆರೆ ಹೋಯಿತು. ಎರಡನೇ ಸಲ ಮುಖದ ಪ್ರಾಂಪ್ಟ್‌ನಲ್ಲಿ ಟೋಪಿಯ ಮಾತು ಬಿಟ್ಟಿದ್ದೆ. ಮಾಸ್ಕಿನ ಅಂಚಿಗೆ ಸಿಕ್ಕ ಹಳದಿ ಬಟ್ಟೆ ಕೂದಲಾಗಿ ಬದಲಾಯಿತು. ಮುಖಕ್ಕೆ ತಾಗುವ ಬಟ್ಟೆ ಯಾವುದಿದ್ದರೂ, ಕಾಲರ್, ಟೋಪಿ, ಸ್ಕಾರ್ಫ್, ಎರಡನೇ ಸುತ್ತಿನ ಪ್ರಾಂಪ್ಟ್‌ನಲ್ಲೂ ಹೆಸರಿಸಬೇಕು.

ಹೋಲಿಕೆ ಪರೀಕ್ಷಿಸಲು ಬಹಳ ದಿನ ಇನ್‌ಸೈಟ್‌ಫೇಸ್ ಅಂಕವನ್ನೇ ನಂಬಿದ್ದೆ. ಹೆಚ್ಚು ಅಂಕ ಬಂದ ಒಂದು ಚಿತ್ರವನ್ನು ಗೆಳತಿಯ ಅಕ್ಕನಿಗೆ ತೋರಿಸಿದಾಗ, "ಇದು ನಮ್ಮ ಹುಡುಗಿ ಅಲ್ಲ ಕಣೇ, ಹಣೆ ನೋಡು" ಎಂದರು. ಹೌದು, ಹಣೆ ಇರಬೇಕಾದ್ದಕ್ಕಿಂತ ಎರಡು ಬೆರಳು ಹೆಚ್ಚು ಅಗಲವಾಗಿತ್ತು. ಅಂಕ ಕೊಡುವ ಮಾಡೆಲ್ ಆ ಭಾಗವನ್ನು ಬಹುಪಾಲು ನೋಡುವುದೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಯಾವ ಅಳತೆಗೋಲಿಗೆ ಸರಿಹೊಂದುವಂತೆ ಚಿತ್ರ ಬರೆಸಿದ್ದೆವೋ ಅದೇ ಕೋಲಿನಿಂದ ಮತ್ತೆ ಅಳೆದರೆ ಅಂಕ ಹೆಚ್ಚು ಬರುವುದು ಸಹಜ. ಕಡಿಮೆ ಅಂಕ ಬಂದದ್ದನ್ನು ಬಿಸಾಡಲು ಮಾತ್ರ ಈಗ ಅದನ್ನು ಬಳಸುತ್ತೇನೆ. ಉಳಿದವುಗಳ ಮುಖಗಳನ್ನು ಒಂದೇ ಗಾತ್ರಕ್ಕೆ ಕತ್ತರಿಸಿ ಸಾಲಾಗಿಟ್ಟು, ನಡುವೆ ನಿಜವಾದ ಫೋಟೋ ಇಟ್ಟು, ಅಕ್ಕನಿಗೆ ಕಳಿಸುತ್ತೇನೆ. ಅವರು ಬೇಡವೆಂದದ್ದು ಹೋಗುತ್ತದೆ.

ಇಷ್ಟರ ಮೇಲೂ ಪೂರ್ತಿ ಪಕ್ಕಕ್ಕೆ ತಿರುಗಿದ ಮುಖ ನನಗೆ ಒಮ್ಮೆಯೂ ಸರಿಯಾಗಿ ಬಂದಿಲ್ಲ. ಮೂಗಿನ ಇಳಿಜಾರು ಪ್ರತಿ ಸಲ ಬೇರೆ. ಪಕ್ಕದ ಫೋಟೋಗಳನ್ನು ಆಧಾರಕ್ಕೆ ಸೇರಿಸಿ ನೋಡಿದೆ, ನೇರ ಮುಖದ ಹೋಲಿಕೆಯೂ ಸಡಿಲವಾಯಿತು, ತೆಗೆದುಬಿಟ್ಟೆ. ಬೆನ್ನಿನ ಕತ್ತರಿಕೆ, ತೋಳಿನ ಜೋಡಣೆ ತೋರಿಸಬೇಕಾದ ಉಡುಪುಗಳಿಗೆ ಈಗ ಗೆಳತಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ನಿಲ್ಲಿಸುತ್ತೇನೆ, ಅಥವಾ ಎರಡೂ ಕಣ್ಣು ಕಾಣುವಷ್ಟು ಮಾತ್ರ ಮುಖ ತಿರುಗಿಸುತ್ತೇನೆ.