ಗೃಹಲಕ್ಷ್ಮಿ ದುಡ್ಡು "ಜಮಾ ಆಗಿದೆ", ಪಾಸ್‌ಬುಕ್‌ನಲ್ಲಿ ಮಾತ್ರ ಇಲ್ಲ: ಹೆಬ್ಬೆಟ್ಟು ಒತ್ತುವ ಮುಂಚೆ ಇದನ್ನು ಓದಿ

ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ಮಧ್ಯವರ್ತಿ ಇಲ್ಲ, ನೇರವಾಗಿ ಖಾತೆಗೆ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ ವಿನ್ಯಾಸದಲ್ಲಿ ದೊಡ್ಡ ತಪ್ಪೇನೂ ಕಾಣುವುದಿಲ್ಲ. ಆದರೂ ಮಂಜೂರಾದ ಹಣ ಕೈಗೆ ಸಿಗದೆ ತಿಂಗಳುಗಟ್ಟಲೆ ಅಲೆಯುವವರಿದ್ದಾರೆ. ಅವರಲ್ಲಿ ಹಲವರು ಸಿಕ್ಕಿಕೊಳ್ಳುವುದು ಒಂದೇ ಗುಂಡಿಯಲ್ಲಿ, ಅದರ ಬಗ್ಗೆಯೇ ಈ ಎಚ್ಚರಿಕೆ.

ಇಂಥ ಪ್ರಕರಣ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಹೆಂಗಸಿಗೆ ಊರಿನ ಹತ್ತಿರದ ಬ್ಯಾಂಕಿನಲ್ಲಿ ಹಳೆಯ ಖಾತೆ ಇದೆ, ಮೊದಲ ಕೆಲವು ಕಂತುಗಳು ಅಲ್ಲಿಗೇ ಬಂದಿವೆ. ಸಂತೆಯ ದಿನ ಯಾರೋ ಮೇಜು ಹಾಕಿಕೊಂಡು ಕೂತಿರುತ್ತಾರೆ: "ಸಿಮ್ ಫ್ರೀ ಅಮ್ಮ, ಜೊತೆಗೆ ಝೀರೋ ಬ್ಯಾಲೆನ್ಸ್ ಖಾತೆ, ಆಧಾರ್ ಕೊಡಿ, ಇಲ್ಲಿ ಹೆಬ್ಬೆಟ್ಟು ಇಡಿ." ಎರಡು ನಿಮಿಷದ ಕೆಲಸ. ಮುಂದಿನ ಕಂತಿನಿಂದ ಹಳೆಯ ಪಾಸ್‌ಬುಕ್ ಖಾಲಿ.

ಆದದ್ದೇನೆಂದರೆ, ಸರ್ಕಾರ ಹಣ ಕಳಿಸುವುದು ಖಾತೆ ಸಂಖ್ಯೆಗಲ್ಲ, ಆಧಾರ್ ಸಂಖ್ಯೆಗೆ. ಯಾವ ಆಧಾರ್‌ಗೆ ಯಾವ ಬ್ಯಾಂಕು ಎಂಬ ಪಟ್ಟಿ ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ ಎನ್‌ಪಿಸಿಐ ಬಳಿ ಇದೆ, ಅದನ್ನು ಮ್ಯಾಪರ್ ಅನ್ನುತ್ತಾರೆ. ಒಂದು ಆಧಾರ್ ಎದುರಿಗೆ ಅಲ್ಲಿ ಒಂದೇ ಬ್ಯಾಂಕಿನ ಹೆಸರಿಗೆ ಜಾಗ. ಕೊನೆಗೆ ಯಾರು ಬರೆಸಿದರೋ ಅವರದೇ ಉಳಿಯುತ್ತದೆ. ಖಾತೆ ತೆರೆಯುವಾಗ "ಸರ್ಕಾರಿ ಸಹಾಯಧನ ಈ ಖಾತೆಗೆ ಬರಲಿ" ಎಂಬ ಒಪ್ಪಿಗೆಗೂ ಅದೇ ಹೆಬ್ಬೆಟ್ಟಿನಲ್ಲಿ ಸಹಿ ಬಿದ್ದರೆ ಹೆಸರು ಬದಲಾಯಿತು. ಇದು ಹೊಸದೂ ಅಲ್ಲ. 2017ರಲ್ಲಿ ಲಕ್ಷಾಂತರ ಜನರ ಗ್ಯಾಸ್ ಸಬ್ಸಿಡಿ ಹೀಗೆಯೇ ಅವರಿಗೆ ಗೊತ್ತಿಲ್ಲದ ಪೇಮೆಂಟ್ಸ್ ಬ್ಯಾಂಕ್ ಖಾತೆಗಳಿಗೆ ಹೋಗಿತ್ತು.

ಬ್ಯಾಂಕಿನವರು "ನಿಮ್ಮ ಆಧಾರ್ ಲಿಂಕ್ ಆಗಿದೆ" ಅಂದರೆ ಅದನ್ನೇ ಉತ್ತರವೆಂದು ತಿಳಿಯಬೇಡಿ. ಕೆವೈಸಿಗೆ ಆಧಾರ್ ಕೊಟ್ಟಿರುವುದು ಬೇರೆ, ಮ್ಯಾಪರ್‌ನಲ್ಲಿ ಆ ಬ್ಯಾಂಕಿನ ಹೆಸರಿರುವುದು ಬೇರೆ. ನಾಲ್ಕು ಬ್ಯಾಂಕಿನಲ್ಲಿ ಲಿಂಕ್ ಆಗಿರಬಹುದು, ಹಣ ಬರುವುದು ಒಂದಕ್ಕೆ ಮಾತ್ರ.

ದೂರು ಕೊಟ್ಟರೂ ಬಗೆಹರಿಯದೆ ಇರುವುದಕ್ಕೆ ಕಾರಣ ಸೋಮಾರಿತನವೊಂದೇ ಅಲ್ಲ. ಅಂಗನವಾಡಿ ಕಾರ್ಯಕರ್ತೆಗೆ ಮ್ಯಾಪರ್ ಕಾಣುವುದಿಲ್ಲ. ತಾಲ್ಲೂಕಿನ ಸಿಡಿಪಿಓ ಕಚೇರಿಯ ಲೆಕ್ಕದಲ್ಲಿ ಪಾವತಿ ಯಶಸ್ವಿ. ಹಳೆಯ ಬ್ಯಾಂಕಿಗೆ ಹಣ ಬಂದೇ ಇಲ್ಲ, ಅವರು ಹೇಳುವುದೂ ನಿಜ. ಎಲ್ಲರ ಉತ್ತರವೂ ಸರಿ, ಹೆಂಗಸಿನ ಕೈ ಮಾತ್ರ ಬರಿದು. ಯೋಜನೆ ಬರೆದವರು ಹಣ ಹೊರಟದ್ದನ್ನು ಎಣಿಸುವ ವ್ಯವಸ್ಥೆ ಮಾಡಿದರು, ಕೈಸೇರಿದ್ದನ್ನು ಎಣಿಸುವುದು ಯಾರ ಕೆಲಸವೆಂದು ಬರೆಯಲಿಲ್ಲ. ಹಣ ಬಂದ ಮೆಸೇಜ್ ಆದರೂ ಎಚ್ಚರಿಸೀತೆಂದರೆ, ಹೊಸ ಖಾತೆಗೆ ಕೊಟ್ಟ ಮೊಬೈಲ್ ನಂಬರ್ ಮಗನದೋ, ಆ ಮೇಜಿನವನದೋ ಆಗಿರುತ್ತದೆ.

ಆದ್ದರಿಂದ ಕಚೇರಿಗೆ ಅಲೆಯುವ ಮೊದಲು ಬ್ಯಾಂಕಿನ ಹೆಸರು ಪತ್ತೆ ಮಾಡಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಜೊತೆಗಿರಲಿ, ಓಟಿಪಿ ಅದಕ್ಕೇ ಬರುತ್ತದೆ. `myaadhaar.uidai.gov.in` ತೆರೆದು ಲಾಗಿನ್ ಆಗಿ `Bank Seeding Status` ಒತ್ತಿದರೆ ಈಗ ಯಾವ ಬ್ಯಾಂಕು, ಅದು ಸಕ್ರಿಯವಾಗಿದೆಯೇ ಎಂದು ತೋರಿಸುತ್ತದೆ. ಯಾವ ಕಂತು ಪಾವತಿಯಾಗಿದೆ ಎಂದು ನೋಡಲು ರಾಜ್ಯದ `DBT Karnataka` ಆ್ಯಪ್ ಇದೆ.

ಗುರುತೇ ಇಲ್ಲದ ಬ್ಯಾಂಕಿನ ಹೆಸರು ಬಂದರೆ ಗಾಬರಿ ಬೇಡ, ಆ ಖಾತೆ ಸಾಮಾನ್ಯವಾಗಿ ಆ ಹೆಂಗಸಿನ ಹೆಸರಿನಲ್ಲೇ ಇರುತ್ತದೆ. ಊರಿನ ಬ್ಯಾಂಕ್ ಮಿತ್ರರ ಮೈಕ್ರೋ ಎಟಿಎಂನಲ್ಲಿ ಆ ಬ್ಯಾಂಕಿನ ಹೆಸರನ್ನೇ ಆರಿಸಿ ಮೊದಲು ಬ್ಯಾಲೆನ್ಸ್ ಕೇಳಿ, ಆಮೇಲೆ ಹಣ ತೆಗೆಸಿ. ಇಲ್ಲಿ ಇನ್ನೊಂದು ಮೋಸವಿದೆ: "ಫೇಲ್ ಆಯ್ತು, ಇನ್ನೊಂದ್ಸಲ ಒತ್ತಿ" ಎಂದರೆ ರಸೀದಿ ಕೈಗೆ ಬರುವ ತನಕ ಎರಡನೇ ಸಲ ಒತ್ತಬೇಡಿ. ಮೊದಲನೆಯದೇ ಆಗಿಹೋಗಿರಬಹುದು.

ಇನ್ನು ಮ್ಯಾಪರ್‌ನಲ್ಲಿ ಸರಿಯಾದ ಬ್ಯಾಂಕೇ ಇದ್ದು ಹಣ ಕಾಣದಿದ್ದರೆ, ಅದೇ ಬ್ಯಾಂಕಿನಲ್ಲಿ ಅವರಿಗೆ ಇನ್ನೊಂದು ಖಾತೆ ಇದೆಯೇ ಕೇಳಿ. ಎನ್‌ಪಿಸಿಐ ಬ್ಯಾಂಕಿನ ತನಕ ಮಾತ್ರ ದಾರಿ ತೋರಿಸುತ್ತದೆ, ಯಾವ ಖಾತೆಗೆ ಹಾಕಬೇಕೆಂಬುದು ಬ್ಯಾಂಕಿನ ಒಳಲೆಕ್ಕ. ಮರೆತುಹೋದ ಜನಧನ್ ಖಾತೆಯಲ್ಲಿ ಹಣ ಕೂತಿರುವುದುಂಟು.

ಬ್ಯಾಂಕು ಬದಲಿಸಲು ಬೇಕಾದ ಶಾಖೆಗೆ ಹೋಗಿ ಆಧಾರ್ ಸೀಡಿಂಗ್ ಒಪ್ಪಿಗೆ ಪತ್ರ ಕೊಡಬೇಕು, ಹಿಂದಿನ ಬ್ಯಾಂಕಿನ ಹೆಸರನ್ನು ಅದರಲ್ಲಿ ಬರೆಯಿರಿ. ಸ್ವೀಕೃತಿ ಇಸ್ಕೊಳ್ಳಿ, ಕೆಲವು ದಿನ ಬಿಟ್ಟು ಅದೇ `Bank Seeding Status` ಮತ್ತೆ ನೋಡಿ. ಬದಲಾವಣೆ ಮುಂದಿನ ಕಂತುಗಳಿಗೆ ಮಾತ್ರ ಅನ್ವಯ. ಆಗಲೇ ಬಿದ್ದ ಕಂತುಗಳು ಆ ಸಂತೆ ಖಾತೆಯಲ್ಲೇ ಇರುತ್ತವೆ, ತಾವಾಗಿ ಈ ಕಡೆ ಬರುವುದಿಲ್ಲ. ಪೂರ್ತಿ ತೆಗೆಸಿದ ಮೇಲೆಯೇ ಅದನ್ನು ಮುಚ್ಚಿಸಿ.