ಹೊಸ ಊರು ಸೇರಿದಾಗ: ಹಳೆಯ ಯೋಜನೆ ತಿದ್ದುವುದೋ, ಮೊದಲಿನಿಂದ ಬಿಡಿಸುವುದೋ?

ಯಾವ ಮೂಲದಿಂದ ಯಾವ ಊರಿಗೆ ಎಷ್ಟು ಸರಕು ಕಳಿಸಿದರೆ ವೆಚ್ಚ ಕನಿಷ್ಠವಾಗುತ್ತದೆ ಎಂದು ಹುಡುಕುವುದೇ ಸಾಗಣೆ ಸಮಸ್ಯೆ. ಅದನ್ನು ಕೋಷ್ಟಕದಲ್ಲಿ ಬಿಡಿಸುವಾಗ ಮೂಲಗಳು ಅಡ್ಡಸಾಲುಗಳು, ಬೇಡಿಕೆಯ ಊರುಗಳು ಕಂಬಸಾಲುಗಳು. ಹಾಸನದ 60 ಟನ್ ಕಾಫಿಯಲ್ಲಿ 30 ಬೆಂಗಳೂರಿಗೆ, 10 ಮಂಗಳೂರಿಗೆ ಹೋಗಿ 20 ಗೋದಾಮಿನಲ್ಲೇ ಉಳಿಯುತ್ತದೆ. ಚಿಕ್ಕಮಗಳೂರಿನ 40 ಟನ್ ಪೂರ್ತಿ ಮಂಗಳೂರಿಗೆ ಹೋಗುತ್ತದೆ. ಇದು ಕನಿಷ್ಠ ವೆಚ್ಚದ ಯೋಜನೆ ಎಂದುಕೊಳ್ಳೋಣ. ಈಗ ಶಿವಮೊಗ್ಗ 20 ಟನ್ ಕೇಳುತ್ತದೆ.

ಮೊದಲಿನಿಂದ ಬಿಡಿಸುವವರು ಪ್ರತಿ ಸಾಲಿನ ಅತಿ ಅಗ್ಗದ ಎರಡು ದರಗಳ ವ್ಯತ್ಯಾಸ ನೋಡಿ ಹಂಚುವ ವೋಗೆಲ್ ವಿಧಾನದಿಂದ ಹೊಸ ಆರಂಭಿಕ ಹಂಚಿಕೆ ಮಾಡಿ, ಸರಕು ತಿರುಗಿಸಿದರೆ ವೆಚ್ಚ ಇಳಿಯುತ್ತದೆಯೇ ಎಂದು ಪ್ರತಿ ಖಾಲಿ ಕೋಶವನ್ನೂ ಮತ್ತೆ ಪರೀಕ್ಷಿಸಬೇಕಾಗುತ್ತದೆ.

ತಿದ್ದುವವರು ಉಳಿದ 20 ಟನ್ನನ್ನೇ ಹಾಸನದಿಂದ ಶಿವಮೊಗ್ಗಕ್ಕೆ ಬರೆದು, ಹೊಸ ಕಂಬಸಾಲನ್ನು ಮಾತ್ರ ಪರೀಕ್ಷಿಸುತ್ತಾರೆ. ಪರೀಕ್ಷಿಸದೆ, 20 ಟನ್ ಬರೆದಲ್ಲಿಗೇ ನಿಲ್ಲಿಸುವುದು ಸಾಮಾನ್ಯ ತಪ್ಪು. ಊಹಿಸಿದ ದರಗಳಂತೆ ಟನ್ನಿಗೆ ಶಿವಮೊಗ್ಗಕ್ಕೆ ಹಾಸನದಿಂದ 1,000 ರೂಪಾಯಿ, ಚಿಕ್ಕಮಗಳೂರಿನಿಂದ 600. ಮಂಗಳೂರಿಗೆ ಕ್ರಮವಾಗಿ 800 ಮತ್ತು 700. ಚಿಕ್ಕಮಗಳೂರಿನ ಒಂದು ಟನ್ನನ್ನು ಮಂಗಳೂರಿನಿಂದ ಶಿವಮೊಗ್ಗಕ್ಕೆ ತಿರುಗಿಸಿ, ಹಾಸನದ ಒಂದು ಟನ್ನನ್ನು ಶಿವಮೊಗ್ಗದ ಬದಲು ಮಂಗಳೂರಿಗೆ ಕಳಿಸಿದರೆ ವೆಚ್ಚದ ಬದಲಾವಣೆ 600−700+800−1,000 = −300, ಅಂದರೆ 300 ರೂಪಾಯಿ ಉಳಿಯುತ್ತದೆ. ಹೀಗೆ 20 ಟನ್ ತಿರುಗಿಸಿದಾಗ 6,000 ರೂಪಾಯಿ ಉಳಿದು, ಒಂದೇ ಸುತ್ತಿನಲ್ಲಿ ಹೊಸ ಕನಿಷ್ಠ ವೆಚ್ಚ ಸಿಗುತ್ತದೆ.

ಹಳೆಯ ದರಗಳು ಬದಲಾಗದಿದ್ದರೆ ನಾನು ತಿದ್ದುವುದನ್ನೇ ಆರಿಸುತ್ತೇನೆ. ಶಿವಮೊಗ್ಗದ ಬೇಡಿಕೆ 30 ಟನ್ ಆಗಿದ್ದರೆ ಮಾತ್ರ ಸರಕು ಸಾಲದು. ಆಗ 10 ಟನ್ನಿನ ಕಾಲ್ಪನಿಕ ಮೂಲವೊಂದನ್ನು ಅಡ್ಡಸಾಲಾಗಿ ಸೇರಿಸಿ, ಯಾರಿಗೆ ಕೊರತೆ ಎಂಬುದನ್ನು ಕೊರತೆಯಾದ ಪ್ರತಿ ಟನ್ನಿಗೆ ಊರೂರಿಗೆ ಹಾಕುವ ದಂಡದ ದರದಿಂದ ತೀರ್ಮಾನಿಸಬೇಕು.